ಡಬ್ಬಿ ಹಾಲು ಕುಡಿಯುವ ಮಗುವಿಗೆ ರಾತ್ರಿ ಎಷ್ಟು ಹಾಲು ಬೇಕು, ಯಾವಾಗ ನಿಲ್ಲಿಸಬೇಕು

ನನ್ನ ತಂಗಿಯ ಮಗನಿಗೆ ಏಳು ತಿಂಗಳು ತುಂಬಿದ ಮೇಲೂ ಅವಳು ಪ್ರತಿ ರಾತ್ರಿ ಎರಡು ಸಲ ಎದ್ದು ಬಾಟಲಿ ಸಿದ್ಧಪಡಿಸುತ್ತಿದ್ದಳು. ಮಗು ಹನ್ನೆರಡೂವರೆಗೆ ಎದ್ದಾಗ 150 ಮಿಲಿಲೀಟರ್ ಪೂರ್ತಿ ಕುಡಿಯುತ್ತಿತ್ತು, ನಾಲ್ಕಕ್ಕೆ ಕಾಲು ಗಂಟೆ ಇರುವಾಗ ಮತ್ತೆ ಎದ್ದು 60 ಮಿಲಿಲೀಟರ್ ಕುಡಿದು ನಿದ್ದೆ ಹೋಗುತ್ತಿತ್ತು. ಬೆಳಿಗ್ಗೆ ಆರೂವರೆಗೆ ಕೊಟ್ಟ ಬಾಟಲಿಯನ್ನು ಮಾತ್ರ ಪೂರ್ತಿ ಮುಗಿಸದೆ ದೂಡುತ್ತಿತ್ತು. ‘ಅಕ್ಕಾ, ಹೊಟ್ಟೆ ಹಸಿದೇ ಏಳುತ್ತಾನೋ, ಅಭ್ಯಾಸಕ್ಕೆ ಏಳುತ್ತಾನೋ ಹೇಗೆ ಗೊತ್ತಾಗಬೇಕು?’ ಎಂದು ಅವಳು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕಲು ನಾವಿಬ್ಬರೂ ಕುಳಿತು ಮಾಡಿದ ಲೆಕ್ಕವನ್ನೂ, ಅದರ ಹಿಂದಿರುವ ವೈದ್ಯಕೀಯ ಆಧಾರವನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಇಲ್ಲಿ ಹೇಳುವುದೆಲ್ಲ ಪೂರ್ತಿಯಾಗಿ ಪುಡಿ ಹಾಲನ್ನೇ ಕುಡಿಯುವ, ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವಿಗೆ ಸಂಬಂಧಿಸಿದ್ದು. ಎದೆಹಾಲು ಕುಡಿಯುವ ಅಥವಾ ಎರಡನ್ನೂ ಕುಡಿಯುವ ಮಗುವಿಗೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ರಾತ್ರಿ ಹಾಲೂಡುವುದು ತಾಯಿಯಲ್ಲಿ ಹಾಲು ಉಳಿಯುವುದಕ್ಕೂ ಬೇಕಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗು, ಹುಟ್ಟುವಾಗ ತೂಕ ಕಡಿಮೆಯಿದ್ದ ಮಗು, ಹೃದಯದ ತೊಂದರೆಯಿರುವ ಮಗು, ತೂಕ ಸರಿಯಾಗಿ ಏರದ ಮಗು, ಇವರ ರಾತ್ರಿ ಹಾಲನ್ನು ಮಕ್ಕಳ ವೈದ್ಯರ ಮಾತಿಲ್ಲದೆ ಒಂದು ಸರದಿಯಷ್ಟೂ ಕಡಿಮೆ ಮಾಡಬಾರದು.

ಮೊದಲು ಇಡೀ ದಿನದ ಲೆಕ್ಕ

ರಾತ್ರಿಯ ಬಾಟಲಿಯನ್ನು ಪ್ರತ್ಯೇಕವಾಗಿ ನೋಡಿದರೆ ಅದು ಬೇಕೋ ಬೇಡವೋ ಎಂಬುದು ತಿಳಿಯುವುದಿಲ್ಲ. ಮಗುವಿಗೆ ಬೇಕಾಗಿರುವುದು 24 ಗಂಟೆಗೆ ಇಷ್ಟು ಎಂಬ ಒಂದು ಮೊತ್ತ. ಅದರಲ್ಲಿ ಹಗಲಿಗೆ ಎಷ್ಟು ಸೇರಿತು, ರಾತ್ರಿಗೆ ಎಷ್ಟು ಉಳಿಯಿತು ಎಂಬುದಷ್ಟೇ ನಾವು ನೋಡಬೇಕಾದದ್ದು. ಮೊದಲ ದಿನ ಮಗುವಿನ ಹೊಟ್ಟೆ ಬಹಳ ಚಿಕ್ಕದಾಗಿರುವುದರಿಂದ ಪ್ರತಿ ಕಿಲೋ ತೂಕಕ್ಕೆ ಸುಮಾರು 60 ಮಿಲಿಲೀಟರ್‌ನಿಂದ ಆರಂಭಿಸಿ, ದಿನದಿಂದ ದಿನಕ್ಕೆ ಏರಿಸುತ್ತಾ ಒಂದು ವಾರದ ಹೊತ್ತಿಗೆ ಕಿಲೋಗೆ 150 ಮಿಲಿಲೀಟರ್‌ಗೆ ತರಲಾಗುತ್ತದೆ. ಅಲ್ಲಿಂದ ಮುಂದೆ, ಮೊದಲ ಕೆಲವು ತಿಂಗಳು, ಕಿಲೋಗೆ 150ರಿಂದ 200 ಮಿಲಿಲೀಟರ್ ಎಂಬುದು ಸಾಮಾನ್ಯ ಅಳತೆ.

ಹತ್ತು ದಿನದ, ಮೂರು ಕಿಲೋ ತೂಕದ ಮಗುವನ್ನು ತೆಗೆದುಕೊಳ್ಳೋಣ. ಮೂರನ್ನು 150ರಿಂದ ಗುಣಿಸಿದರೆ ದಿನಕ್ಕೆ 450 ಮಿಲಿಲೀಟರ್ ಆಗುತ್ತದೆ. ಆ ವಯಸ್ಸಿನಲ್ಲಿ ಮೂರು ಗಂಟೆಗೊಮ್ಮೆಯಂತೆ ಎಂಟು ಸಲ ಕುಡಿಸುವುದಾದರೆ ಒಂದು ಸಲಕ್ಕೆ ಸುಮಾರು 60 ಮಿಲಿಲೀಟರ್ ಬರುತ್ತದೆ. ಒಂದು ತಿಂಗಳಿಗೆ ಮಗು ನಾಲ್ಕು ಕಿಲೋ ಆಗಿದ್ದರೆ ಮೊತ್ತ 600 ಮಿಲಿಲೀಟರ್. ಆರು ಅಥವಾ ಏಳು ಸರದಿಗೆ ಹಂಚಿದರೆ ಒಂದೊಂದಕ್ಕೆ 90ರಿಂದ 100 ಮಿಲಿಲೀಟರ್.

ಈ ಗುಣಾಕಾರವನ್ನು ಕೊನೆಯವರೆಗೂ ಮುಂದುವರಿಸಬಾರದು ಎಂಬುದು ಅನೇಕರಿಗೆ ತಿಳಿದಿಲ್ಲ. ಮಗು ಆರೂವರೆ ಕಿಲೋ ಆಗುವ ಹೊತ್ತಿಗೆ ಲೆಕ್ಕ 975ಕ್ಕೆ ಬಂದು ನಿಲ್ಲುತ್ತದೆ, ಆದರೆ ದಿನಕ್ಕೆ ಸುಮಾರು 960 ಮಿಲಿಲೀಟರ್ ಎಂಬುದನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮೇಲಿನ ಮಿತಿಯೆಂದು ಹೇಳುತ್ತದೆ. ಅದರಾಚೆಗೆ ಮಗುವಿನ ತೂಕ ಏರಿದರೂ ಹಾಲು ಏರಬೇಕಾಗಿಲ್ಲ. ಆರು ತಿಂಗಳ ನಂತರ ರಾಗಿ ಸರಿ, ಬೇಯಿಸಿ ಮಸೆದ ತರಕಾರಿ, ಬೇಳೆ ಅನ್ನ ಸೇರುತ್ತಾ ಹೋದಂತೆ ಹಾಲು ಇಳಿಯುತ್ತದೆ. ಏಳರಿಂದ ಒಂಬತ್ತು ತಿಂಗಳ ಮಗುವಿಗೆ, ಊಟ ಚೆನ್ನಾಗಿ ಸೇರುತ್ತಿದ್ದರೆ, ದಿನಕ್ಕೆ 600 ಮಿಲಿಲೀಟರ್‌ನ ಆಸುಪಾಸು ಸಾಕಾಗುತ್ತದೆ.

ಈ ಅಂಕಿಗಳೆಲ್ಲ ದಾರಿ ತೋರಿಸುವುದಕ್ಕೆ ಮಾತ್ರ. ಬಾಟಲಿಯಲ್ಲಿ ಹಾಕಿದ್ದನ್ನು ಮುಗಿಸಲೇಬೇಕೆಂದು ನಿಪ್ಪಲನ್ನು ಬಾಯಿಗೆ ಒತ್ತುವುದು ತಪ್ಪು. ಅದರಲ್ಲೂ ಮೊದಲ ಮೂರು ತಿಂಗಳು ಬಾಯಿಗೆ ಏನು ತಾಗಿದರೂ ಮಗು ಚೀಪುತ್ತದೆ. ಚೀಪಿತು ಎಂಬ ಕಾರಣಕ್ಕೆ ಹಸಿದಿತ್ತು ಎಂದು ಹೇಳಲಾಗದು. ಕುಡಿಯುವಾಗ ನಡುನಡುವೆ ಬಾಟಲಿಯನ್ನು ತಗ್ಗಿಸಿ ಒಂದು ಕ್ಷಣ ಬಿಡುವು ಕೊಟ್ಟರೆ, ಸಾಕಾದ ಮಗು ಮುಖ ತಿರುಗಿಸಿ, ಕೈ ಸಡಿಲಿಸಿ ತಾನೇ ತಿಳಿಸುತ್ತದೆ.

ವಯಸ್ಸಿಗೆ ತಕ್ಕಂತೆ ರಾತ್ರಿ

ಮೊದಲ ತಿಂಗಳಲ್ಲಿ ರಾತ್ರಿ ಹಾಲು ಕಡ್ಡಾಯ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿದು, ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಅಲ್ಲಿಯವರೆಗೆ, ಮಲಗಿರುವ ಮಗುವನ್ನು ಎಬ್ಬಿಸಬಾರದು ಎಂಬ ಮನೆಯ ಹಿರಿಯರ ಮಾತನ್ನು ಕೇಳದೆ, ನಾಲ್ಕು ಗಂಟೆ ದಾಟಿದರೆ ಎಬ್ಬಿಸಿಯೇ ಕುಡಿಸಬೇಕು. ತೀರಾ ಸುಸ್ತಾಗಿ ಮಲಗುವ, ಕುಡಿಯಲು ಎಬ್ಬಿಸಿದರೂ ಏಳದ ಶಿಶುವನ್ನು ‘ಎಷ್ಟು ಒಳ್ಳೆಯ ಮಗು’ ಎಂದು ಬಿಟ್ಟುಬಿಡುವುದು ಅಪಾಯ. ಅದು ರಕ್ತದಲ್ಲಿ ಸಕ್ಕರೆ ಇಳಿದಿರುವ ಅಥವಾ ಸೋಂಕಿನ ಲಕ್ಷಣವಾಗಿರಬಹುದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಎರಡನೆಯ ತಿಂಗಳಲ್ಲಿ ತೂಕ ಸರಿಯಾಗಿ ಏರುತ್ತಿದ್ದರೆ ಎಬ್ಬಿಸುವ ಅಗತ್ಯ ಇರುವುದಿಲ್ಲ. ಮಗು ತಾನಾಗಿ ಎದ್ದಾಗ ಕುಡಿಸಿದರಾಯಿತು. ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರೊಳಗೆ ಎರಡು ಸಲ ಆಗುತ್ತದೆ. ಮೂರು, ನಾಲ್ಕನೆಯ ತಿಂಗಳಿಗೆ ಅನೇಕ ಮಕ್ಕಳು ಒಂದಕ್ಕೆ ಇಳಿಯುತ್ತಾರೆ. ಮಗುವಿನ ತೂಕ ಐದೂವರೆ ಕಿಲೋ ಸಮೀಪಿಸಿದ ಮೇಲೆ ನಡುರಾತ್ರಿಯ ಹಾಲು ಹೆಚ್ಚಿನ ಮಕ್ಕಳಿಗೆ ಪೋಷಣೆಯ ದೃಷ್ಟಿಯಿಂದ ಅಗತ್ಯವಿರುವುದಿಲ್ಲ ಎಂದೂ ಹೇಳುತ್ತಾರೆ. ಆದರೆ ಇದನ್ನು ನಿಲ್ಲಿಸುವ ಅಪ್ಪಣೆ ಎಂದು ಓದಬಾರದು ಎಂಬುದು ನನ್ನ ಅಭಿಪ್ರಾಯ. ಆರು ತಿಂಗಳೊಳಗೆ ಮಗು ತಾನಾಗಿ ಬಿಟ್ಟರೆ ಬಿಡಲಿ. ಒಂದು ಸಲ ಎದ್ದು ಹಸಿವಿನಿಂದ ಪೂರ್ತಿ ಕುಡಿಯುತ್ತಿದ್ದರೆ ಅದನ್ನು ಕೊಡುವುದೇ ಸರಿ, ಅದಕ್ಕಾಗಿ ಅಳಿಸುವ ಕಾರಣವಿಲ್ಲ.

ಆರು ತಿಂಗಳು ತುಂಬಿದ ಮೇಲೆ ಪರಿಸ್ಥಿತಿ ಬದಲಾಗುತ್ತದೆ. ಹಗಲಿನಲ್ಲಿ ಒಂದು ಸಲಕ್ಕೆ 150ರಿಂದ 200 ಮಿಲಿಲೀಟರ್‌ವರೆಗೆ ಕುಡಿಯುವಷ್ಟು ಹೊಟ್ಟೆ ಬೆಳೆದಿರುತ್ತದೆ, ಊಟವೂ ಆರಂಭವಾಗಿರುತ್ತದೆ. ತೂಕ ಚೆನ್ನಾಗಿರುವ ಮಗುವಿಗೆ ಈ ಹಂತದಲ್ಲಿ ರಾತ್ರಿ ಹಾಲನ್ನು ತೆಗೆದುಹಾಕಬಹುದು. ಹಲ್ಲು ಮೂಡುವ ಕಾಲವೂ ಇದೇ ಆದ್ದರಿಂದ, ಬಾಯಿಯಲ್ಲಿ ಹಾಲು ನಿಂತ ಹಾಗೆಯೇ ನಿದ್ದೆ ಹೋಗುವ ಅಭ್ಯಾಸ ಹುಳುಕು ಹಲ್ಲಿಗೆ ದಾರಿಯಾಗುತ್ತದೆ.

ಹಸಿವೋ ಅಭ್ಯಾಸವೋ

ಇದನ್ನು ಊಹೆಯಿಂದ ತೀರ್ಮಾನಿಸದೆ ಮೂರು ದಿನ ಬರೆದಿಡಬೇಕು: ಪ್ರತಿ ಬಾಟಲಿಯ ಸಮಯ, ಹಾಕಿದ್ದೆಷ್ಟು, ಉಳಿಸಿದ್ದೆಷ್ಟು. ನನ್ನ ತಂಗಿ ಕ್ಯಾಲೆಂಡರಿನ ಹಿಂದೆಯೇ ಬರೆದಳು. ಅವಳ ಮಗನ ತೂಕ ಆಗ 7.6 ಕಿಲೋ. ಬೆಳಿಗ್ಗೆ ಆರೂವರೆಗೆ 120, ಹತ್ತು ಗಂಟೆಗೆ 100, ಮಧ್ಯಾಹ್ನ ಎರಡಕ್ಕೆ 120, ಸಂಜೆ ಆರಕ್ಕೆ 120, ರಾತ್ರಿ ಒಂಬತ್ತಕ್ಕೆ 150. ಒಟ್ಟು ಹಗಲಿನಲ್ಲಿ 610 ಮಿಲಿಲೀಟರ್. ನಡುರಾತ್ರಿಯ ಎರಡು ಬಾಟಲಿಗಳಿಂದ 210. ಇಡೀ ದಿನಕ್ಕೆ 820 ಮಿಲಿಲೀಟರ್ ಆಯಿತು. ರಾಗಿ ಸರಿಯನ್ನು ಮಾತ್ರ ಎರಡು ಮೂರು ಚಮಚಕ್ಕೇ ಬಾಯಿ ಮುಚ್ಚುತ್ತಿದ್ದ.

ಮೊತ್ತದಲ್ಲಿ ಕೊರತೆಯಿಲ್ಲ, ಆದರೆ ಅದರ ಕಾಲು ಭಾಗ ಮನೆಯವರೆಲ್ಲ ಮಲಗಿರುವಾಗ ಒಳಗೆ ಹೋಗುತ್ತಿದೆ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಯಿತು. ರಾತ್ರಿ ತುಂಬಿದ ಹೊಟ್ಟೆ ಬೆಳಿಗ್ಗೆ ಹಸಿಯದು. ಬೆಳಿಗ್ಗೆ ಕಡಿಮೆ ಕುಡಿದದ್ದು ಮತ್ತೆ ರಾತ್ರಿಗೆ ಬೇಡಿಕೆಯಾಗುತ್ತದೆ. ಎರಡನೆಯ ಬಾಟಲಿಯಂತೂ 60 ಮಿಲಿಲೀಟರ್‌ಗೇ ಮುಗಿಯುತ್ತಿತ್ತು, ಅರ್ಧ ನಿದ್ದೆಯಲ್ಲೇ ಚೀಪುತ್ತಿದ್ದ. ಅದು ಹಸಿವಿಗಿಂತ ಹೆಚ್ಚಾಗಿ ಮತ್ತೆ ನಿದ್ದೆಗೆ ಜಾರುವ ಸಾಧನವಾಗಿತ್ತು. ನಿಜವಾಗಿ ಹಸಿದು ಏಳುವ ಮಗು ಬೇರೆಯೇ ರೀತಿ ಕಾಣುತ್ತದೆ: ತಟ್ಟಿದರೂ ಸಮಾಧಾನವಾಗುವುದಿಲ್ಲ, ಪೂರ್ತಿ ಬಾಟಲಿಯನ್ನು ಕಣ್ಣು ತೆರೆದು ಕುಡಿಯುತ್ತದೆ, ಬೆಳಿಗ್ಗೆಯ ಬಾಟಲಿಯನ್ನೂ ಬಿಡುವುದಿಲ್ಲ. ಅಂಥ ಮಗುವಿಗೆ ಹಗಲಿನ ಹಾಲು ಅಥವಾ ಊಟ ಕಡಿಮೆಯಾಗಿದೆ ಎಂದರ್ಥ. ಮೊದಲು ಅದನ್ನು ಸರಿಪಡಿಸದೆ ರಾತ್ರಿಯದನ್ನು ಕಿತ್ತುಕೊಳ್ಳಬಾರದು.

ಬಿಡಿಸುವ ಕ್ರಮ

60 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಕುಡಿಯುವ ಸರದಿಯನ್ನು ಒಂದೇ ಬಾರಿಗೆ ನಿಲ್ಲಿಸಬಹುದು. ಅದಕ್ಕಿಂತ ಹೆಚ್ಚು ಕುಡಿಯುತ್ತಿದ್ದರೆ ಎರಡು ರಾತ್ರಿಗೊಮ್ಮೆ 20ರಿಂದ 30 ಮಿಲಿಲೀಟರ್‌ನಂತೆ ಇಳಿಸುತ್ತಾ ಬಂದು, 60 ಮುಟ್ಟಿದ ಮೇಲೆ ನಿಲ್ಲಿಸಬೇಕು. ನಮ್ಮ ಮನೆಯ ಡಬ್ಬಿಯಲ್ಲಿ 30 ಮಿಲಿಲೀಟರ್ ನೀರಿಗೆ ಒಂದು ಅಳತೆ ಚಮಚ ಪುಡಿ ಎಂದಿದ್ದುದರಿಂದ ನಾವು 30ರ ಹೆಜ್ಜೆಯನ್ನೇ ಆರಿಸಿಕೊಂಡೆವು. ಇಲ್ಲದಿದ್ದರೆ ಮುಕ್ಕಾಲು ಚಮಚ, ಅರ್ಧ ಚಮಚ ಎಂದು ನಡುರಾತ್ರಿಯಲ್ಲಿ ಅಂದಾಜು ಮಾಡಬೇಕಾಗುತ್ತದೆ.

ಇಲ್ಲಿ ಒಂದು ತಪ್ಪಿನ ಬಗ್ಗೆ ಬಿಡಿಸಿ ಹೇಳಲೇಬೇಕು. ಬಾಟಲಿಯಲ್ಲಿ ನೀರಿನ ಮಟ್ಟ ಹಾಗೆಯೇ ಇರಲಿ, ಪುಡಿಯನ್ನಷ್ಟೇ ಕಡಿಮೆ ಮಾಡೋಣ ಎಂದು ಕೆಲವರು ಹಾಲನ್ನು ತೆಳುವಾಗಿಸುತ್ತಾರೆ. ಹೆಚ್ಚು ನೀರು ಸೇರಿದ ಹಾಲಿನಿಂದ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವವರೆಗೂ ಹೋಗಬಹುದು. ಮಗು ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಹೊಟ್ಟೆ ಗಟ್ಟಿಯಾಗಿ ನಿಲ್ಲಲಿ ಎಂದು ಪುಡಿ ಹೆಚ್ಚು ಹಾಕುವುದು ಇದರ ಇನ್ನೊಂದು ತುದಿ. ಅದರಿಂದ ಮಗುವಿನ ಮೈಯಲ್ಲಿ ನೀರಿನಂಶ ಕಡಿಮೆಯಾಗುತ್ತದೆ. ಇಳಿಸುವಾಗ ನೀರು, ಪುಡಿ ಎರಡನ್ನೂ ಡಬ್ಬಿಯ ಮೇಲಿನ ಅನುಪಾತದಲ್ಲೇ ಇಳಿಸಬೇಕು. ಮಲಗುವ ಮುನ್ನದ ಬಾಟಲಿಗೆ ಒಂದು ಚಮಚ ರಾಗಿ ಹಿಟ್ಟು ಕಲಸಿದರೆ ಬೆಳಗಿನವರೆಗೆ ಏಳುವುದಿಲ್ಲ ಎಂಬ ಸಲಹೆಯನ್ನು ತಂಗಿಯ ಅತ್ತೆಯವರೂ ಕೊಟ್ಟಿದ್ದರು. ಪ್ರೀತಿಯಿಂದ ಹೇಳಿದ ಮಾತು ಅದು, ಆದರೂ ಒಪ್ಪಲಾಗದು. ಬಾಟಲಿಯಲ್ಲಿ ಹಿಟ್ಟು ಕಲಸುವುದರಿಂದ ಉಸಿರುಗಟ್ಟುವ ಅಪಾಯವಿದೆ, ನಿದ್ದೆಯೂ ಉದ್ದವಾಗುವುದಿಲ್ಲ. ರಾಗಿ ಸರಿ ಬಟ್ಟಲಿನಿಂದ, ಚಮಚದಲ್ಲಿ, ಹಗಲಿನಲ್ಲಿ ಹೋಗಬೇಕು.

ನಾವು ಮೊದಲು ನಾಲ್ಕು ಗಂಟೆಯ ಬಾಟಲಿಯನ್ನು ನಿಲ್ಲಿಸಿದೆವು. ಅವನು ಎದ್ದಾಗ ಕೂಡಲೇ ಎತ್ತಿಕೊಳ್ಳದೆ ಎರಡು ಮೂರು ನಿಮಿಷ ಕಾಯುವುದು, ಆಮೇಲೆ ದೀಪ ಹಾಕದೆ, ಮಾತನಾಡಿಸದೆ ಎದೆಯ ಮೇಲೆ ಕೈಯಿಟ್ಟು ತಟ್ಟುವುದು, ಅದಕ್ಕೂ ಅಳು ನಿಲ್ಲದಿದ್ದರೆ ಎತ್ತಿ ಸಮಾಧಾನಪಡಿಸಿ ಮತ್ತೆ ಬೆನ್ನಿನ ಮೇಲೆ ಮಲಗಿಸುವುದು, ಇಷ್ಟೇ ಕ್ರಮ. ತಟ್ಟುವ ಕೆಲಸವನ್ನು ಮಗುವಿನ ಅಪ್ಪ ವಹಿಸಿಕೊಂಡರು, ಏಕೆಂದರೆ ಅಮ್ಮ ಬಂದರೆ ಬಾಟಲಿ ಬರುತ್ತದೆ ಎಂದು ಮಗು ಅಷ್ಟು ಹೊತ್ತಿಗೆ ಕಲಿತಿತ್ತು. ಮೊದಲ ರಾತ್ರಿ ಅರ್ಧ ಗಂಟೆ ಅತ್ತ, ಎರಡನೆಯ ರಾತ್ರಿ ಇನ್ನೂ ಸ್ವಲ್ಪ ಹೆಚ್ಚೇ ಅತ್ತ, ಮೂರನೆಯ ರಾತ್ರಿ ಹತ್ತು ನಿಮಿಷ. ಐದನೆಯ ರಾತ್ರಿ ಏಳಲಿಲ್ಲ.

ಆಗಲೇ ಬೆಳಿಗ್ಗೆಯ ಬಾಟಲಿಯನ್ನು 150ಕ್ಕೆ ಏರಿಸಿದ್ದೆವು, ಅವನು ಉಳಿಸದೆ ಕುಡಿದ. ಆರನೆಯ ರಾತ್ರಿಯಿಂದ ಹನ್ನೆರಡೂವರೆಯ ಬಾಟಲಿಯನ್ನು ಎರಡು ರಾತ್ರಿ 120ಕ್ಕೆ, ಮತ್ತೆರಡು ರಾತ್ರಿ 90ಕ್ಕೆ ಇಳಿಸಿದೆವು. ಅಷ್ಟರಲ್ಲಿ ಅವನಿಗೆ ನೆಗಡಿಯಾಗಿ ಮೂಗು ಕಟ್ಟಿತು. ಹಗಲಿನಲ್ಲಿ ಸರಿಯಾಗಿ ಕುಡಿಯಲಾಗದೆ ರಾತ್ರಿ ಹಸಿದು ಎದ್ದ. ಜ್ವರ, ನೆಗಡಿ, ಭೇದಿ ಇರುವಾಗ ಬಿಡಿಸುವ ಕೆಲಸವನ್ನು ಮುಂದುವರಿಸಬಾರದು, ಕೇಳಿದಷ್ಟು ಕೊಡಬೇಕು. ಐದು ರಾತ್ರಿ ಹಾಗೆಯೇ ಕೊಟ್ಟು, ಮೂಗು ತಿಳಿಯಾದ ಮೇಲೆ 60ಕ್ಕೆ ಇಳಿಸಿ ಎರಡು ರಾತ್ರಿ ಕಳೆದು, ಪೂರ್ತಿ ನಿಲ್ಲಿಸಿದೆವು. ಈ ಸಲ ಅಳು ಐದು ನಿಮಿಷವನ್ನೂ ದಾಟಲಿಲ್ಲ.

ಮಗುವನ್ನು ಬೇರೆ ಊರಿಗೆ ಕರೆದೊಯ್ಯುವ, ತಾಯಿ ಕೆಲಸಕ್ಕೆ ಮರಳುವ ವಾರದಲ್ಲಿ ಇದನ್ನು ಆರಂಭಿಸದಿರುವುದು ಒಳ್ಳೆಯದು.

ಇನ್ನೂ ರಾತ್ರಿ ಕೊಡುತ್ತಿರುವವರಿಗೆ

ಆರು ತಿಂಗಳೊಳಗಿನ ಮಗುವಿರುವ ಮನೆಯಲ್ಲಿ ನಡುರಾತ್ರಿಯ ಹಾಲು ನಡೆದೇ ಇರುತ್ತದೆ, ಆದ್ದರಿಂದ ಅದನ್ನು ಸಿದ್ಧಪಡಿಸುವ ರೀತಿಯನ್ನು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ನಿದ್ದೆಗಣ್ಣಿನಲ್ಲಿ ತಪ್ಪುಗಳಾಗುವುದು ಇಲ್ಲಿಯೇ. ಹಾಲಿನ ಪುಡಿ ಕ್ರಿಮಿರಹಿತವಲ್ಲ. ಅಪರೂಪಕ್ಕಾದರೂ ಅದರಲ್ಲಿ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇರಬಹುದು, ಎರಡು ತಿಂಗಳೊಳಗಿನ ಶಿಶುಗಳಲ್ಲಿ ಅದು ಮಿದುಳು ಪೊರೆಯ ಉರಿಯೂತವನ್ನು ಉಂಟುಮಾಡಬಲ್ಲದು. ಅದಕ್ಕಾಗಿಯೇ 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಪುಡಿ ಕಲಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಲೀಟರ್ ನೀರನ್ನು ಕುದಿಸಿ ಮುಚ್ಚಿಟ್ಟರೆ ಸುಮಾರು ಅರ್ಧ ಗಂಟೆಯವರೆಗೆ ಆ ಬಿಸಿ ಉಳಿದಿರುತ್ತದೆ.

ರಾತ್ರಿಗೆ ಅನುಕೂಲವಾದ ವಿಧಾನವೆಂದರೆ, ಮಲಗುವ ಮುನ್ನ ಕುದಿಯುವ ನೀರನ್ನು ಒಳ್ಳೆಯ ಫ್ಲಾಸ್ಕಿಗೆ ತುಂಬಿಸಿ, ಒಂದು ಸರದಿಯ ಪುಡಿಯನ್ನು ಒಣಗಿದ ಶುಚಿ ಡಬ್ಬಿಯಲ್ಲಿ ಅಳೆದು, ಕುದಿಸಿ ತೊಳೆದ ಬಾಟಲಿಯೊಂದಿಗೆ ಹಾಸಿಗೆಯ ಬಳಿ ಇಟ್ಟುಕೊಳ್ಳುವುದು. ಮಗು ಎದ್ದಾಗ ಮೊದಲು ನೀರನ್ನು ಅಳತೆಗೆ ಹಾಕಿ, ಆಮೇಲೆ ಪುಡಿಯನ್ನು ಸುರಿದು ಕಲಕಿ, ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿ ನಿಲ್ಲಿಸಿ ಆರಿಸಿ, ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ ಕುಡಿಸಬೇಕು. ಪುಡಿ ಮೊದಲು ಹಾಕಿ ನೀರನ್ನು ಗೆರೆಯವರೆಗೆ ತುಂಬಿಸಿದರೆ ನೀರು ಕಡಿಮೆಯಾಗಿ ಹಾಲು ಗಟ್ಟಿಯಾಗುತ್ತದೆ. ಫ್ಲಾಸ್ಕಿನ ನೀರು ಬೆಳಗಿನ ಜಾವಕ್ಕೆ ಸಾಕಷ್ಟು ಬಿಸಿಯಿಲ್ಲ ಎಂಬ ಅನುಮಾನ ಬಂದರೆ ಮತ್ತೆ ಕುದಿಸುವುದೇ ಸರಿ.

ಹತ್ತು ಗಂಟೆಗೇ ಕಲಸಿ ತಲೆದಿಂಬಿನ ಬಳಿ ಇಟ್ಟ ಹಾಲನ್ನು ಒಂದು ಗಂಟೆಗೆ ಕುಡಿಸುವುದು ಬೇಡ. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಬಳಸಬೇಕು, ಮಗು ಬಾಯಿ ಹಾಕಿದ ಹಾಲನ್ನು ಒಂದು ಗಂಟೆಯ ಮೇಲೆ ಚೆಲ್ಲಬೇಕು, ಉಳಿದದ್ದನ್ನು ಮುಂದಿನ ಸರದಿಗೆ ಬೆರೆಸಲೇಬಾರದು. ಡಬ್ಬಿಯ ಬೆಲೆ ನೋಡಿದರೆ ಚೆಲ್ಲಲು ಮನಸ್ಸು ಬಾರದು, ಅದು ನನಗೂ ಅರ್ಥವಾಗುತ್ತದೆ. ಅದಕ್ಕೇ ಮಗು ಸಾಮಾನ್ಯವಾಗಿ ಕುಡಿಯುವಷ್ಟನ್ನೇ ಕಲಸಿ, ಬೇಕೆನಿಸಿದರೆ ಇನ್ನೊಂದು 30 ಮಿಲಿಲೀಟರ್ ಹೊಸದಾಗಿ ಕಲಸುವುದು ವಾಸಿ. ಬಾಟಲಿಯನ್ನು ದಿಂಬಿಗೆ ಒರಗಿಸಿ ಮಗುವಿನ ಬಾಯಿಗಿಟ್ಟು ಮಲಗುವುದು ಯಾವ ವಯಸ್ಸಿನಲ್ಲೂ ಕೂಡದು. ಒಳಲೆಯಲ್ಲಿ ಕುಡಿಸುವ ಮನೆಗಳಲ್ಲೂ ನಿದ್ದೆಯಲ್ಲಿರುವ ಮಗುವಿನ ಬಾಯಿಗೆ ಹಾಲು ಸುರಿಯದೆ, ಎಬ್ಬಿಸಿ ತಲೆಯೆತ್ತಿ ಹಿಡಿದೇ ಕುಡಿಸಬೇಕು.

ನಿಲ್ಲಿಸಿದ ಮೇಲೆ ನೋಡಬೇಕಾದದ್ದು

ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದ್ದು, ಅದರ ಬಣ್ಣ ತಿಳಿಯಾಗಿದ್ದರೆ ಹಾಲು ಸಾಕಾಗಿದೆ. ಮೂತ್ರ ಕಡಿಮೆಯಾಗಿ ಗಾಢ ಹಳದಿಯಾದರೆ, ಮಗು ಹಗಲಿನಲ್ಲಿ ಮಂಕಾಗಿದ್ದರೆ, ಅಥವಾ ವಾರ ಕಳೆದರೂ ಪ್ರತಿ ರಾತ್ರಿ ಒಂದೇ ಹೊತ್ತಿಗೆ ಎದ್ದು ಸಮಾಧಾನವಾಗದೆ ಅತ್ತರೆ, ಬಾಟಲಿಯನ್ನು ಮರಳಿ ಕೊಟ್ಟು ವೈದ್ಯರಿಗೆ ತೋರಿಸಬೇಕು. ತೂಕವನ್ನು ಅಂಗನವಾಡಿಯಲ್ಲಿ ಅಥವಾ ಆರೋಗ್ಯ ಕೇಂದ್ರದಲ್ಲಿ, ಸಾಧ್ಯವಾದಷ್ಟೂ ಅದೇ ತಕ್ಕಡಿಯಲ್ಲಿ ತೂಗಿಸಿ, ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಗುರುತು ಹಾಕಿಸಬೇಕು. ಗೆರೆ ಮೇಲಕ್ಕೆ ಹೋಗುವುದನ್ನು ಬಿಟ್ಟು ಚಪ್ಪಟೆಯಾದರೆ ಅದು ಎಚ್ಚರಿಕೆ.

ತಂಗಿಯ ಮಗನನ್ನು ಲೆಕ್ಕ ಆರಂಭಿಸಿದ 25ನೆಯ ದಿನ ತೂಗಿಸಿದೆವು, 7.9 ಕಿಲೋ ಇದ್ದ. ಬೆಳಿಗ್ಗೆ ಆರೂವರೆಗೆ 180, ಹಗಲಿನ ಮೂರು ಸರದಿಗೆ 120ರಂತೆ, ರಾತ್ರಿ ಒಂಬತ್ತಕ್ಕೆ 180, ಒಟ್ಟು 720 ಮಿಲಿಲೀಟರ್‌ಗೆ ಬಂದು ನಿಂತಿದ್ದ. ಮೊದಲಿಗಿಂತ 100 ಮಿಲಿಲೀಟರ್ ಕಡಿಮೆ. ಆ ಜಾಗಕ್ಕೆ ಅರ್ಧ ಬಟ್ಟಲು ರಾಗಿ ಸರಿ ಬಂದಿತ್ತು. ಒಂಬತ್ತು ಗಂಟೆಯ ಬಾಟಲಿಯನ್ನು ಈಗ ಹಾಸಿಗೆಯಲ್ಲಿ ಕೊಡದೆ, ತೊಡೆಯ ಮೇಲೆ ಕೂರಿಸಿಕೊಂಡು ಕುಡಿಸಿ, ತೇಗು ಬಂದ ಮೇಲೆ ಮೂಡುತ್ತಿರುವ ಎರಡು ಹಲ್ಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎಚ್ಚರವಿರುವಾಗಲೇ ಮಲಗಿಸುತ್ತಾಳೆ.